ಪಾಯಿಂಟ್ ಕೊಟ್ಟವರು, ಲೆಕ್ಕ ನೋಡಿದವರು

ಬಟ್ಟೆ ಅಂಗಡಿಯಿರಲಿ, ಸೂಪರ್ ಮಾರ್ಕೆಟ್ ಇರಲಿ, ಬಿಲ್ ಹಾಕುವ ಮೊದಲು ಕೌಂಟರಿನ ಹುಡುಗಿ ಕೇಳುವುದು ಒಂದೇ: 'ಸಾರ್, ಫೋನ್ ನಂಬರ್ ಹೇಳಿ.' ಹೇಳಿದರೆ ಖಾತೆಗೆ ಒಂದಿಷ್ಟು ಪಾಯಿಂಟ್ ಬೀಳುತ್ತದೆ. ಅಂಗಡಿಗೆ ಆ ನಂಬರಿನಿಂದ ಎರಡು ಕೆಲಸ ಆಗಬಹುದು. ಪಾಯಿಂಟ್ ಕೂಡಿಸಿ ಮುಂದಿನ ಸಲ ರಿಯಾಯಿತಿ ಕೊಡುವುದು ಒಂದು. ಇದು ಲಾಯಲ್ಟಿ ಯೋಜನೆ. ನೀವು ಏನು ಕೊಂಡಿರಿ, ಎಷ್ಟು ದಿನಕ್ಕೊಮ್ಮೆ ಬರುತ್ತೀರಿ, ಕಳೆದ ಬಾರಿ ಯಾವ ದೂರು ಕೊಟ್ಟಿರಿ ಎಂದು ಬರೆದಿಟ್ಟುಕೊಂಡು ಅದರಂತೆ ನಡೆದುಕೊಳ್ಳುವುದು ಇನ್ನೊಂದು. ಇದು ಗ್ರಾಹಕ ಸಂಬಂಧ ನಿರ್ವಹಣೆ, ಕಂಪನಿಗಳ ಬಾಯಲ್ಲಿ ಸಿಆರ್‌ಎಂ. ಬಂದ ಗ್ರಾಹಕ ಕೈಬಿಟ್ಟು ಹೋಗದಿರಲಿ ಎಂದೇ ಎರಡಕ್ಕೂ ದುಡ್ಡು ಸುರಿಯುತ್ತಾರೆ. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಇದನ್ನು ಕಾಣಲು 1995ರ ಬ್ರಿಟನ್ನಿಗಿಂತ ಒಳ್ಳೆಯ ಜಾಗವಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಟೆಸ್ಕೊ ದೇಶದಾದ್ಯಂತ ಕ್ಲಬ್‌ಕಾರ್ಡ್ ತಂದಿತು. ಖರೀದಿಗೆ ತಕ್ಕಂತೆ ಪಾಯಿಂಟ್. ಲೆಕ್ಕ ಹಾಕಿದರೆ ಶೇ. 1ರಷ್ಟು ವಾಪಸ್. ಮೂರು ತಿಂಗಳಿಗೊಮ್ಮೆ ವೋಚರ್ ಮನೆಗೆ ಅಂಚೆಯಲ್ಲಿ ಬರುತ್ತಿತ್ತು. ಸೇಫ್‌ವೇ ಅದೇ ವರ್ಷ ಎಬಿಸಿ ಎಂಬ ಕಾರ್ಡ್ ತಂದಿತು. ಸೇನ್ಸ್‌ಬರಿ ಮೊದಲು ಮೂಗು ಮುರಿದು, ಮರುವರ್ಷ ತಾನೂ ಹಿಂದೆ ಬಂತು. ಮೂಗು ಮುರಿಯಲು ಕಾರಣವೂ ಇತ್ತು. ಖರೀದಿಗೆ ಅಂಚೆಚೀಟಿಯಂಥ ಸ್ಟಾಂಪ್ ಕೊಟ್ಟು ಪುಸ್ತಕಕ್ಕೆ ಅಂಟಿಸಿಕೊಳ್ಳಿ ಎನ್ನುವ ಗ್ರೀನ್ ಶೀಲ್ಡ್ ಪದ್ಧತಿಯನ್ನು ಟೆಸ್ಕೊ ತಾನೇ 1977ರಲ್ಲಿ ಕೈಬಿಟ್ಟು, ಆ ಹಣದಲ್ಲಿ ಬೆಲೆ ಇಳಿಸಿ ಗೆದ್ದಿತ್ತು. ಹಳೆಯ ಸ್ಟಾಂಪೇ ಪ್ಲಾಸ್ಟಿಕ್ ವೇಷದಲ್ಲಿ ಮರಳಿದೆ ಎಂದು ಯಾರಿಗೂ ಅನಿಸುವಂತಿತ್ತು.

ಸ್ಟಾಂಪಿಗೂ ಕಾರ್ಡಿಗೂ ಇದ್ದ ವ್ಯತ್ಯಾಸ ಹೆಸರಿನದು. ಸ್ಟಾಂಪ್ ಯಾರ ಕೈಗೆ ಹೋಯಿತೆಂದು ಅಂಗಡಿಗೆ ತಿಳಿಯುತ್ತಿರಲಿಲ್ಲ. ಕಾರ್ಡ್ ಉಜ್ಜಿದ ಕೂಡಲೇ ಆ ಬುಟ್ಟಿ ಯಾರದೆಂದು ತಿಳಿಯುತ್ತಿತ್ತು. ಬ್ಯಾಂಕಿಗೂ ಫೋನ್ ಕಂಪನಿಗೂ ಈ ತೊಂದರೆ ಎಂದೂ ಇರಲಿಲ್ಲ, ಖಾತೆ ತೆರೆದ ದಿನವೇ ಹೆಸರು ವಿಳಾಸ ಸಿಕ್ಕಿರುತ್ತದೆ. ದಿನಸಿ ಅಂಗಡಿಗೆ ಬಂದವರು ನಗದು ಕೊಟ್ಟು ಹೆಸರಿಲ್ಲದೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಆ ಶೇ. 1 ಬಹುಮಾನಕ್ಕಿಂತ ಹೆಚ್ಚಾಗಿ ಹೆಸರು ಕೊಂಡುಕೊಳ್ಳಲು ತೆತ್ತ ಬೆಲೆ. ಬ್ಯಾಂಕು ಪಾಯಿಂಟ್ ಹಂಚಿದರೆ, ನನ್ನ ಮಟ್ಟಿಗೆ, ಗೊತ್ತಿರುವುದನ್ನೇ ಮತ್ತೆ ದುಡ್ಡು ಕೊಟ್ಟು ಕೇಳಿದಂತೆ.

ಆ ಬೆಲೆ ಕಡಿಮೆಯದೇನಲ್ಲ. ಒಂದು ಮನೆಯವರು ತಿಂಗಳಿಗೆ 4,000 ರೂಪಾಯಿ ದಿನಸಿ ಕೊಳ್ಳುತ್ತಾರೆ, ಅಂಗಡಿಗೆ ಉಳಿಯುವ ಲಾಭ ಶೇ. 5 ಎಂದಿಟ್ಟುಕೊಳ್ಳಿ: 200 ರೂಪಾಯಿ. ಶೇ. 1 ಪಾಯಿಂಟ್ ಕೊಟ್ಟರೆ 40 ರೂಪಾಯಿ ಹೋಗಿ 160 ಉಳಿಯಿತು. ಮತ್ತೆ 200 ಕಾಣಬೇಕಾದರೆ ಅವರು 5,000ದ ಸಾಮಾನು ಕೊಳ್ಳಬೇಕು. ಅಂದರೆ ಕಾಲು ಪಾಲು ವ್ಯಾಪಾರ ಹೆಚ್ಚಬೇಕು, ಅದೂ ಬರೀ ಹಾಕಿದ್ದು ಹುಟ್ಟಲು. ಈಗಾಗಲೇ ದಿನಸಿಯನ್ನೆಲ್ಲ ನಿಮ್ಮಲ್ಲೇ ಕೊಳ್ಳುವವರು ಇನ್ನೇನು ಹೆಚ್ಚು ಕೊಂಡಾರು? ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಬಾಚಿಕೊಳ್ಳುವವರೂ ಅವರೇ. ಅಮೆರಿಕದ ಒಂದು ಅಂಗಡಿ ಸರಪಳಿಯ ಲೆಕ್ಕಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕಂಡಿತು. ಹೆಚ್ಚು ಕೊಳ್ಳುವವರು ಬಹುಮಾನ ಪಡೆದರೂ ಅವರ ಖರೀದಿ ಬದಲಾಗಲಿಲ್ಲ. ಕಡಿಮೆ ಮತ್ತು ಮಧ್ಯಮ ಪ್ರಮಾಣದಲ್ಲಿ ಕೊಳ್ಳುತ್ತಿದ್ದವರ ಖರೀದಿ ಏರಿತು.

ಹಾಗೆಂದು ಪಾಯಿಂಟಿಗೆ ಸೆಳೆತವಿಲ್ಲವೆಂದಲ್ಲ. 2006ರಲ್ಲಿ ನ್ಯೂನೆಸ್ ಮತ್ತು ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಅಂಗಡಿಯೊಂದರ ಪ್ರಯೋಗವನ್ನು ಪ್ರಕಟಿಸಿದರು. 300 ಕಾರ್ಡ್ ಹಂಚಿದ್ದರು. ಅರ್ಧದಷ್ಟರಲ್ಲಿ ಎಂಟು ಖಾಲಿ ಮನೆ. ಉಳಿದರ್ಧದಲ್ಲಿ ಹತ್ತು ಮನೆ, ಎರಡಕ್ಕೆ ಮೊದಲೇ ಮುದ್ರೆ. ಎರಡರಲ್ಲೂ ತೊಳೆಸಬೇಕಾದದ್ದು ಎಂಟೇ ಸಲ. ಮೊದಲ ಗುಂಪಿನಲ್ಲಿ ಶೇ. 19 ಮಂದಿ ಕಾರ್ಡ್ ತುಂಬಿಸಿದರು, ಎರಡನೆಯದರಲ್ಲಿ ಶೇ. 34. ಅರ್ಧ ದಾರಿ ಬಂದಾಗಿದೆ ಎನಿಸಿದರೆ ಕಾಲು ಚುರುಕಾಗುತ್ತದೆ. ಆದರೆ ಅದೇ ಕಾಲದ ಇನ್ನೊಂದು ಅಧ್ಯಯನದಲ್ಲಿ, ಉಚಿತ ಕಾಫಿ ಕೈಗೆ ಬಂದು ಹೊಸ ಕಾರ್ಡ್ ಶುರುವಾದಾಗ ಆ ಚುರುಕು ಇಳಿದಿತ್ತು. ಸೆಳೆತ ಬಹುಮಾನದ ಕಡೆಗೆ, ಅಂಗಡಿಯ ಕಡೆಗಲ್ಲ.

ಟೆಸ್ಕೊ ಪಡೆದುಕೊಂಡದ್ದು ಬೇರೆ. ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ಎಂಬ ದಂಪತಿಯ ಸಣ್ಣ ಸಂಸ್ಥೆ, ಡನ್‌ಹಂಬಿ, ಕಾರ್ಡಿನ ಮಾಹಿತಿಯನ್ನು ಬಗೆದು ನೋಡಿತು. ವಯಸ್ಸು, ಬಡಾವಣೆಗಳಿಗಿಂತ ಹೆಚ್ಚಾಗಿ ಬುಟ್ಟಿಯಲ್ಲಿರುವ ಸಾಮಾನೇ ಮನೆಯ ರೀತಿ ಹೇಳುತ್ತದೆ ಎಂಬುದು ಅವರ ಹಾದಿ. ಒಂದು ಉದಾಹರಣೆ ಈ ವಲಯದಲ್ಲಿ ಎಲ್ಲರ ಬಾಯಲ್ಲಿದೆ. ಅಗ್ಗದ ಅಂಗಡಿಗಳ ಪೈಪೋಟಿ ಎದುರಾದಾಗ ಯಾವುದರ ಬೆಲೆ ಇಳಿಸಬೇಕು? ಬಾಳೆಹಣ್ಣಿನದು ಇಳಿಸಿದರೆ ಸಿರಿವಂತರೂ ಕೊಳ್ಳುತ್ತಾರೆ, ಲಾಭವೆಲ್ಲ ಸೋರಿಹೋಗುತ್ತದೆ. ಕೈ ಬಿಗಿಹಿಡಿದು ಖರ್ಚು ಮಾಡುವ ಮನೆಯವರು ಮಾತ್ರ ತಪ್ಪದೆ ಕೊಳ್ಳುವ ಅಗ್ಗದ ಮಾರ್ಗರೀನ್‌ನಂಥ ಸಾಮಾನಿನ ಬೆಲೆ ಇಳಿಸಿದರೆ, ಬಿಟ್ಟುಹೋಗುವ ಭಯವಿದ್ದ ಗ್ರಾಹಕನಿಗೇ ಅದು ತಲುಪುತ್ತದೆ. ಇಲ್ಲಿ ಕಾರ್ಡ್ ಬರೀ ಬಾಗಿಲು. ಒಳಗೆ ನಡೆದ ಕೆಲಸ ಸಿಆರ್‌ಎಂನದು.

ಬಿಟ್ಟುಹೋಗುವವರು ಹೇಳಿ ಹೋಗುವುದಿಲ್ಲ ಎಂಬುದು ಇನ್ನೊಂದು ಸಂಗತಿ. ವಾರಕ್ಕೊಮ್ಮೆ ಬರುತ್ತಿದ್ದವರು ಮೂರು ವಾರ ಕಾಣದಿದ್ದರೆ ಅದು ಸುಳಿವು. ಬರುವುದು ನಿಂತಿಲ್ಲ, ಆದರೆ ತರಕಾರಿ ಮಾತ್ರ ಬಿಲ್ಲಿನಿಂದ ಮಾಯವಾಗಿದೆ ಎಂದರೆ ಇನ್ನೂ ಒಳ್ಳೆಯ ಸುಳಿವು. ಆ ಅಂಗಡಿಯ ತರಕಾರಿ ಕೆಟ್ಟಿರಬೇಕು. ಅಂಥವರಿಗೆ ಎರಡರಷ್ಟು ಪಾಯಿಂಟ್ ಕೊಟ್ಟು ಏನೂ ಪ್ರಯೋಜನವಿಲ್ಲ, ಟೊಮೆಟೊ ಸರಿಪಡಿಸಬೇಕು. ಸಿಆರ್‌ಎಂ ಸೋಲುವುದೂ ಇಲ್ಲೇ. ಸುಳಿವು ಕಂಪ್ಯೂಟರಿನಲ್ಲಿ ಕಂಡರೂ ತರಕಾರಿ ತರಿಸುವವನ ಮೇಜಿಗೆ ತಲುಪದಿದ್ದರೆ, ದೂರನ್ನು ಕೌಂಟರಿನವರು ಬರೆದುಕೊಳ್ಳದಿದ್ದರೆ, ದುಬಾರಿ ಸಾಫ್ಟ್‌ವೇರ್ ಹುಟ್ಟುಹಬ್ಬದ ಎಸ್‌ಎಂಎಸ್ ಕಳಿಸುವ ಯಂತ್ರವಾಗಿ ಉಳಿಯುತ್ತದೆ.

ಸೇಫ್‌ವೇ 2000ದಲ್ಲಿ ಕಾರ್ಡ್ ನಿಲ್ಲಿಸಿ, ಆ ಹಣವನ್ನು ಬೆಲೆ ಇಳಿಸಲು ತಿರುಗಿಸಿತು. ಅದನ್ನು ದಡ್ಡತನವೆನ್ನಲಾರೆ. ಪಾಯಿಂಟಿನ ಖರ್ಚು ಲೆಕ್ಕಪುಸ್ತಕದಲ್ಲಿ ಕಣ್ಣಿಗೆ ಹೊಡೆಯುತ್ತದೆ, ಗಳಿಕೆ ಹಾಗೆ ಕಾಣುವುದಿಲ್ಲ. ಟೆಸ್ಕೊ 1995ರಲ್ಲಿ ಸೇನ್ಸ್‌ಬರಿಯನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದ್ದಕ್ಕೂ ಕಾರ್ಡ್ ಒಂದೇ ಕಾರಣವಲ್ಲ. ಅಗ್ಗದ ಸ್ವಂತ ಬ್ರ್ಯಾಂಡೂ ಹೊಸ ಅಂಗಡಿಗಳೂ ಜೊತೆಗಿದ್ದವು.

ಹಾಗಾದರೆ ಫಲ ತಿಳಿಯುವುದು ಹೇಗೆ? ಕಂಪನಿಗಳ ವರದಿಯಲ್ಲಿ 'ಸದಸ್ಯರು ಸದಸ್ಯರಲ್ಲದವರಿಗಿಂತ ಇಷ್ಟು ಹೆಚ್ಚು ಕೊಳ್ಳುತ್ತಾರೆ' ಎಂಬ ಸಾಲು ತಪ್ಪದೆ ಇರುತ್ತದೆ. ಆ ಹೋಲಿಕೆಗೆ ಅರ್ಥವಿಲ್ಲ. ಹೆಚ್ಚು ಕೊಳ್ಳುವವರೇ ಕಾರ್ಡ್ ಮಾಡಿಸಿಕೊಳ್ಳುತ್ತಾರೆ. ಕೊಡುಗೆ ಕಳಿಸುವಾಗ ಸದಸ್ಯರಲ್ಲೇ ಹತ್ತರಲ್ಲೊಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ, ಅವರಿಗೆ ಏನೂ ಕಳಿಸದೆ, ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಎಷ್ಟು ಮಂದಿ ಉಳಿದರೆಂದು ಎಣಿಸಬೇಕು. ಅಂತರದಿಂದ ಬಂದ ಲಾಭ ಕೊಡುಗೆಯ ಖರ್ಚಿಗಿಂತ ಕಡಿಮೆಯಿದ್ದರೆ, ಕೊಡುಗೆ ಹೋದದ್ದು ಹೇಗಿದ್ದರೂ ಉಳಿಯುತ್ತಿದ್ದವರಿಗೆ.

ಟೆಸ್ಕೊಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2004ರಿಂದ ದೊಡ್ಡ ಕಚೇರಿಯಿದೆ. ಅತ್ತ ಬ್ರಿಟನ್ನಿನಲ್ಲಿ ಕಾರ್ಡಿನ ರೂಪವೇ ಬದಲಾಗಿದೆ. 2019ರಲ್ಲಿ ಟೆಸ್ಕೊ ಸದಸ್ಯರಿಗೊಂದು ಬೆಲೆ, ಉಳಿದವರಿಗೊಂದು ಬೆಲೆ ಎಂಬ ಪದ್ಧತಿ ತಂದಿತು. ಉಳಿದ ಸೂಪರ್ ಮಾರ್ಕೆಟ್‌ಗಳಲ್ಲೂ ಅದು ಹಬ್ಬಿತು. ಕಾರ್ಡಿಲ್ಲದವರ ಬೆಲೆಯನ್ನು ಬೇಕೆಂದೇ ಏರಿಸಿ ರಿಯಾಯಿತಿ ತೋರಿಸುತ್ತಿದ್ದಾರೆ ಎಂಬ ಗುಮಾನಿ ಎದ್ದು, ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಹಲವು ಸೂಪರ್ ಮಾರ್ಕೆಟ್‌ಗಳ ಸುಮಾರು 50,000 ಸಾಮಾನುಗಳ ಬೆಲೆ ಪರಿಶೀಲಿಸಿತು. ಶೇ. 92ರಲ್ಲಿ ಉಳಿತಾಯ ನಿಜವಾದದ್ದೇ ಎಂದು 2024ರ ನವೆಂಬರಿನಲ್ಲಿ ಹೇಳಿತು. ಇನ್ನೊಂದು ಅಂಗಡಿಯಲ್ಲಿ ಅದೇ ಸಾಮಾನು ಇನ್ನೂ ಅಗ್ಗಕ್ಕೆ ಸಿಗಬಹುದು, ಸುತ್ತಿ ನೋಡಿ ಎಂದೂ ಜನರಿಗೆ ಹೇಳಿತು.