ಹೆಸರಿನ ‘ಇಂಡಸ್ಟ್ರೀಸ್’ ಮತ್ತು ಬಿಣಗಾದ ಕಾರ್ಖಾನೆ

ಕಂಪನಿಯ ಹೆಸರಿನಲ್ಲಿ ‘ಇಂಡಸ್ಟ್ರೀಸ್’ ಎಂದರೆ ಹಲವು ಕಾರ್ಖಾನೆಗಳ ಒಡೆತನವೇ?

ಅಲ್ಲ. ಕಾರವಾರದ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯು ಸೊಲಾರಿಸ್ ಕೆಮ್‌ಟೆಕ್ ಇಂಡಸ್ಟ್ರೀಸ್‌ನಿಂದ ಆದಿತ್ಯ ಬಿರ್ಲಾ ಕೆಮಿಕಲ್ಸ್‌ಗೆ, ಆ ಕಂಪನಿ ವಿಲೀನವಾದ ಬಳಿಕ ಗ್ರಾಸಿಮ್ ಇಂಡಸ್ಟ್ರೀಸ್‌ಗೆ ಸೇರಿತು. ಒಡೆಯ ಕಂಪನಿಯ ಹೆಸರಿನಿಂದ ‘ಇಂಡಸ್ಟ್ರೀಸ್’ ಹೋಗಿ ಮರಳಿ ಬಂದರೂ, ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಕಾಸ್ಟಿಕ್ ಸೋಡಾ ತೆಗೆಯುವ ಕೆಲಸ ಅದೇ ಆಗಿತ್ತು.

ಇಂಥ ಪದ ಬಳಸಲು ಕಾನೂನಿನ ನಿರ್ಬಂಧವಿರಲಿಲ್ಲವೇ?

ಇತ್ತು. ಕಂಪನಿ ಹೆಸರುಗಳ ಹಿಂದಿನ ಮಾರ್ಗಸೂಚಿಯು ‘ಇಂಡಸ್ಟ್ರೀಸ್’ ಪದಕ್ಕೆ 1 ಕೋಟಿ, ‘ಎಂಟರ್‌ಪ್ರೈಸಸ್’ಗೆ 10 ಲಕ್ಷ ರೂಪಾಯಿಯ ಅಧಿಕೃತ ಬಂಡವಾಳವನ್ನು ಕೇಳುತ್ತಿತ್ತು, ಅದು ಷೇರು ನೀಡಿಕೆಯ ಗರಿಷ್ಠ ಮಿತಿಯೇ ಹೊರತು ಕೈಯಲ್ಲಿರುವ ಹಣವಲ್ಲ, ಮತ್ತು ಆ ನಿಯಮವೂ ಈಗಿಲ್ಲ.

‘ಇಂಟರ್‌ನ್ಯಾಷನಲ್’ ಎಂದರೆ?

ಅಂಕೋಲಾದ ವ್ಯಾಪಾರಿಯೊಬ್ಬರು ಸರಕನ್ನು ರಫ್ತು ಮಾಡಲು ಸಾಮಾನ್ಯವಾಗಿ ಬೇಕಾಗುವುದು ಆ ಪದವಲ್ಲ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ. ಆದ್ದರಿಂದ ಗ್ರಾಹಕರು ಕೇಳಿ ನೋಡಬೇಕಾದದ್ದು ಅದನ್ನೇ.