ಯಂತ್ರದ ಊಹೆಗೆ ಅಂಕ ಹಾಕುವ ನೂರು ಸಂಭಾಷಣೆಗಳು

ಸಹಾಯ ಕೇಳಿ ಚಾಟ್‌ಗೆ ಬರುವ ಗ್ರಾಹಕರು ತಮ್ಮದು ಯಾವ ಫೋನು, ಯಾವ ಕಂಪ್ಯೂಟರು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಉತ್ತರ ಕೊಡುವ ತಂತ್ರಾಂಶ ಅದನ್ನು ಅವರ ಮಾತಿನಿಂದಲೇ ಹೆಕ್ಕಿಕೊಳ್ಳಬೇಕು. ‘ಪ್ಲೇ ಸ್ಟೋರ್’ ಎಂದರೆ ಆಂಡ್ರಾಯ್ಡ್. ‘ಕಂಟ್ರೋಲ್ ಪ್ಯಾನೆಲ್’ ಎಂದರೆ ಬಹುಮಟ್ಟಿಗೆ ವಿಂಡೋಸ್. ‘ಫೈಂಡರ್’ ಎಂದರೆ ಮ್ಯಾಕ್. ಇದಕ್ಕೆ ಪ್ಲಾಟ್‌ಫಾರ್ಮ್ ಊಹೆ ಎನ್ನುತ್ತಾರೆ. ಊಹೆ ತಪ್ಪಿದರೆ ಐಫೋನ್ ಹಿಡಿದವರಿಗೆ ಪ್ಲೇ ಸ್ಟೋರ್ ತೆರೆಯಿರಿ ಎಂಬ ಸಲಹೆ ಹೋಗುತ್ತದೆ. ಇಂಥ ಊಹೆ ಎಷ್ಟು ಸಲ ಸರಿಯಾಗುತ್ತದೆ ಎಂದು ಅಳೆಯಲು ಲಕ್ಷಗಟ್ಟಲೆ ಸಂಭಾಷಣೆ ಬೇಕಿಲ್ಲ. ಸರಿಯುತ್ತರವನ್ನು ಮೊದಲೇ ಗುರುತು ಹಾಕಿಟ್ಟ ನೂರಿನ್ನೂರು ಸಂಭಾಷಣೆ ಸಾಕು. ಕಷ್ಟವಿರುವುದು ಆ ಗುರುತು ಹಾಕುವುದರಲ್ಲಿ.

ಮೊದಲು ತೀರ್ಮಾನವಾಗಬೇಕಾದದ್ದು, ಯಾವುದನ್ನು ಸರಿ ಎನ್ನುವುದು ಎಂಬುದು. ಅಪ್ಪನೊಬ್ಬ ಲ್ಯಾಪ್‌ಟಾಪ್ ಮುಂದೆ ಕೂತು ಮಗಳ ಐಫೋನ್‌ನ ತೊಂದರೆ ಬರೆಯುತ್ತಾನೆ ಎನ್ನಿ. ಬರೆದದ್ದು ವಿಂಡೋಸ್‌ನಿಂದ, ಪರಿಹಾರ ಬೇಕಾದದ್ದು ಐಫೋನ್‌ಗೆ. ಗುರುತು ಹಾಕುವವರ ನಿಯಮ ‘ಉತ್ತರದ ಹಂತಗಳು ಯಾವ ಸಾಧನದಲ್ಲಿ ನಡೆಯಬೇಕೋ ಅದು’ ಎಂದಿದ್ದರೆ ಇಲ್ಲಿ ಐಫೋನ್ ಎಂದೇ ಬರೆಯಬೇಕು. ಸರ್ವರ್ ದಾಖಲೆಯನ್ನೇ ಸತ್ಯವೆಂದು ಹಿಡಿದರೆ ಕೆಲಸ ಸುಲಭ ಅನ್ನಿಸುತ್ತದೆ, ಏಕೆಂದರೆ ಪ್ರತಿ ಬ್ರೌಸರೂ ತನ್ನ ಪರಿಚಯದ ಒಂದು ಸಾಲನ್ನು ಸರ್ವರ್‌ಗೆ ಕಳಿಸುತ್ತದೆ. ಆದರೆ ಆ ಸಾಲು ಅಪ್ಪನ ಲ್ಯಾಪ್‌ಟಾಪನ್ನು ತೋರಿಸುತ್ತದೆಯೇ ಹೊರತು ಮಗಳ ಫೋನನ್ನಲ್ಲ. ಜೊತೆಗೆ ಆ ಸಾಲೂ ಸುಳ್ಳಾಡುತ್ತದೆ. 2019ರಲ್ಲಿ ಬಂದ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡ್‌ನ ಸಫಾರಿ ತನ್ನನ್ನು `Macintosh` ಎಂದು ಹೇಳಿಕೊಳ್ಳುವುದು ವಾಡಿಕೆ. ವಿಂಡೋಸ್ 11 ಈಗಲೂ `Windows NT 10.0` ಎನ್ನುತ್ತದೆ.

ಹಾಗಾಗಿ ಗುರುತನ್ನು ಮನುಷ್ಯರು ಓದಿ ಹಾಕುತ್ತಾರೆ. ಓದುವುದಕ್ಕೂ ಒಂದು ಗಡಿ ಬೇಕು. ಸಂಭಾಷಣೆಯ ನಡುವೆ ‘ನಿಮ್ಮದು ಯಾವ ಫೋನ್?’ ಎಂದು ಕೇಳಿ, ಗ್ರಾಹಕರು ಹೇಳಿಬಿಟ್ಟಿದ್ದರೆ ಅಲ್ಲಿಂದ ಮುಂದೆ ಊಹೆಗೆ ಕೆಲಸವೇ ಇಲ್ಲ. ಯಂತ್ರ ಮೊದಲ ಉತ್ತರ ಕೊಡಬೇಕಾಗಿದ್ದ ಜಾಗಕ್ಕೆ ಸಂಭಾಷಣೆಯನ್ನು ಕತ್ತರಿಸಿ, ಅಲ್ಲಿಯವರೆಗಿನದನ್ನು ಮಾತ್ರ ಓದುಗರ ಮುಂದಿಡಬೇಕು. ಹೆಸರು, ಫೋನ್ ನಂಬರು, ವಿಳಾಸ ತೆಗೆದುಹಾಕುವ ಕೆಲಸವನ್ನೂ ಇದೇ ಹಂತದಲ್ಲಿ ಮುಗಿಸುತ್ತಾರೆ. ಕೊನೆಗೆ ಉಳಿಯುವ ಒಂದು ದಾಖಲೆ ಹೀಗಿರುತ್ತದೆ:

```json
{"id": "s014",
 "turns": ["play store alli update torstilla"],
 "label": "android",
 "evidence": "play store"}
```

ಕೊನೆಯ ಸಾಲು ಬೇಕೇ ಬೇಕು. ಯಾವ ಪದ ನೋಡಿ ಈ ಗುರುತು ಹಾಕಿದರು ಎಂದು ಬರೆಯಲು ಒತ್ತಾಯಿಸಿದಾಗ, ಓದುವವರ ಬರಿಯ ಅನಿಸಿಕೆ ಅಲ್ಲೇ ಸಿಕ್ಕಿಬೀಳುತ್ತದೆ. ಭಾರತದಲ್ಲಿ ಬಹುಪಾಲು ಫೋನುಗಳು ಆಂಡ್ರಾಯ್ಡ್ ಆದ್ದರಿಂದ ‘ಆ್ಯಪ್ ಓಪನ್ ಆಗ್ತಿಲ್ಲ’ ಎಂಬಷ್ಟನ್ನೇ ಓದಿದವರೂ ಆಂಡ್ರಾಯ್ಡ್ ಎಂದು ಬರೆದುಬಿಡುತ್ತಾರೆ. ಆ ಸಾಲಿನಲ್ಲಿ ಆಂಡ್ರಾಯ್ಡಿನ ಸುಳಿವೇ ಇಲ್ಲ. ಅದಕ್ಕೆ ಸಲ್ಲಬೇಕಾದ ಗುರುತು ‘ಗೊತ್ತಾಗದು’. ಇನ್ನು ಕೆಲವು ಸುಳಿವುಗಳು ದಾರಿ ತಪ್ಪಿಸುತ್ತವೆ: `apt` ಆಜ್ಞೆ ಕಂಡರೆ ಲಿನಕ್ಸ್ ಎನ್ನಿಸುತ್ತದೆ, ಆದರೆ ಪಕ್ಕದಲ್ಲೇ `/mnt/c/Users` ಎಂಬ ದಾರಿ ಇದ್ದರೆ ಅದು ವಿಂಡೋಸ್‌ನೊಳಗೆ ಓಡುತ್ತಿರುವ ಲಿನಕ್ಸ್ ಎಂದೇ ಲೆಕ್ಕ.

ಒಂದು ಕಲ್ಪಿತ ಲೆಕ್ಕ ಹಿಡಿದು ನೋಡಬಹುದು. ಒಂದು ತಿಂಗಳ ಚಾಟ್‌ಗಳಿಂದ ಲಾಟರಿ ಎತ್ತಿದಂತೆ 200 ಆರಿಸಿ, ಇಬ್ಬರು ಬೇರೆ ಬೇರೆ ಕೂತು ಓದುತ್ತಾರೆ. ಯಂತ್ರ ಏನು ಊಹಿಸಿತ್ತು ಎಂಬುದನ್ನು ಅವರಿಗೆ ತೋರಿಸುವುದಿಲ್ಲ. ತೋರಿಸಿದರೆ ಅನುಮಾನವಿದ್ದ ಕಡೆಯೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ. ಇಬ್ಬರೂ 172ರಲ್ಲಿ ಒಂದೇ ಗುರುತು ಹಾಕಿದರೆ ಒಮ್ಮತ ಶೇ. 86. ಆದರೆ ಅರ್ಧದಷ್ಟು ಆಂಡ್ರಾಯ್ಡೇ ಇರುವಾಗ, ಕಣ್ಣು ಮುಚ್ಚಿ ಗುರುತು ಹಾಕಿದರೂ ಮೂರರಲ್ಲೊಂದು ಭಾಗ ಹೊಂದಿಕೊಂಡುಬಿಡುತ್ತದೆ. ಆ ಆಕಸ್ಮಿಕ ಭಾಗವನ್ನು ಕಳೆದು ಹೇಳುವ ಅಳತೆಯನ್ನು ಜೇಕಬ್ ಕೊಹೆನ್ 1960ರಲ್ಲಿ ಪ್ರಕಟಿಸಿದರು. ಅದರ ಹೆಸರು ಕಪ್ಪಾ. ಇಲ್ಲಿ ಅದು ಸುಮಾರು 0.79, ಅಂದರೆ ಒಪ್ಪಬಹುದಾದದ್ದು. ಉಳಿದ 28ರಲ್ಲಿ ಹೆಚ್ಚಿನವು ಆಂಡ್ರಾಯ್ಡ್ ಮತ್ತು ‘ಗೊತ್ತಾಗದು’ ನಡುವಿನ ಜಗಳವಾಗಿದ್ದರೆ ತಪ್ಪು ಓದುಗರದ್ದಲ್ಲ, ನಿಯಮದ್ದು. ನಿಯಮವನ್ನು ಬಿಗಿಮಾಡಿ ಅವನ್ನು ಮತ್ತೆ ಓದಿಸಬೇಕು.

ಜಗಳ ತೀರಿದ ಮೇಲೆ 200ರಲ್ಲಿ ಆಂಡ್ರಾಯ್ಡ್ 100, ಐಫೋನ್ 20, ವಿಂಡೋಸ್ 30, ಮ್ಯಾಕ್ 10, ಗೊತ್ತಾಗದು 40 ಎಂದಿರಲಿ. ಇದನ್ನು ಹಾಗೇ ಪರೀಕ್ಷೆಗಿಟ್ಟರೆ, ಎಲ್ಲಕ್ಕೂ ಆಂಡ್ರಾಯ್ಡ್ ಎನ್ನುವ ಮೊದ್ದು ಯಂತ್ರಕ್ಕೂ ನೂರಕ್ಕೆ ಐವತ್ತು ಅಂಕ. ಅದಕ್ಕೆ ಪ್ರತಿ ಗುಂಪಿನಿಂದ 20ರಂತೆ ನೂರು ಇಟ್ಟುಕೊಳ್ಳುತ್ತಾರೆ. ಮ್ಯಾಕ್ ಮಾತ್ರ ಹತ್ತು ಕಡಿಮೆ ಬೀಳುತ್ತದೆ. ಇಲ್ಲೊಂದು ಎಡವಟ್ಟು ಆಗಿಯೇ ಆಗುತ್ತದೆ: ಚಾಟ್‌ಗಳಲ್ಲಿ ‘ಮ್ಯಾಕ್’ ಪದ ಹುಡುಕಿ ಸಿಕ್ಕವನ್ನು ಸೇರಿಸುವುದು. ಹಾಗೆ ಸಿಗುವುದೆಲ್ಲ ಹೆಸರು ಹೇಳಿಕೊಂಡು ಬಂದ ಸುಲಭದ ಸಂಭಾಷಣೆ. ಯಂತ್ರಕ್ಕೆ ಹತ್ತಕ್ಕೆ ಹತ್ತು ಪುಕ್ಕಟೆ. ಇಲ್ಲಿ ಮಾತ್ರ ಸರ್ವರ್ ದಾಖಲೆ ಉಪಯೋಗಕ್ಕೆ ಬರುತ್ತದೆ. ಅದರಿಂದ ಮ್ಯಾಕ್ ಇರಬಹುದಾದ ಚಾಟ್‌ಗಳನ್ನು ಎತ್ತಿ, ಗುರುತನ್ನು ಎಂದಿನಂತೆ ಓದಿಯೇ ಹಾಕಬೇಕು.

ಈ ನೂರರಲ್ಲಿ ಯಂತ್ರಕ್ಕೆ ಆಂಡ್ರಾಯ್ಡ್‌ನಲ್ಲಿ 19, ವಿಂಡೋಸ್‌ನಲ್ಲಿ 18, ಐಫೋನ್‌ನಲ್ಲಿ 17, ಮ್ಯಾಕ್‌ನಲ್ಲಿ 16, ‘ಗೊತ್ತಾಗದು’ ಗುಂಪಿನಲ್ಲಿ 8 ಸರಿ ಬಂದವು ಎನ್ನೋಣ. ಒಟ್ಟು 78. ಆದರೆ ಇದು ಗ್ರಾಹಕರು ಕಾಣುವ ಯಂತ್ರದ ಅಂಕವಲ್ಲ, ಏಕೆಂದರೆ ನಿಜವಾದ ಚಾಟ್‌ಗಳಲ್ಲಿ ಮ್ಯಾಕ್ ಐದನೇ ಒಂದು ಭಾಗ ಇರುವುದಿಲ್ಲ. ಪ್ರತಿ ಗುಂಪಿನ ಅಂಕವನ್ನು ಮೊದಲ 200ರಲ್ಲಿ ಕಂಡ ಪಾಲಿನಿಂದ ಗುಣಿಸಿ ಕೂಡಿಸಿದರೆ ಬರುವುದು ಶೇ. 81.5. ‘ಗೊತ್ತಾಗದು’ ಗುಂಪನ್ನು ಕೈಬಿಟ್ಟಿದ್ದರೆ 80ಕ್ಕೆ 70, ಅಂದರೆ ಶೇ. 87.5 ಎಂದು ಬೀಗಬಹುದಿತ್ತು. ಯಂತ್ರದ ದೊಡ್ಡ ದೋಷ ಇರುವುದೇ ಆ ಗುಂಪಿನಲ್ಲಿ: ಸುಳಿವಿಲ್ಲದ 20ರಲ್ಲಿ 12 ಸಲ ಸುಮ್ಮನಿರದೆ ಏನೋ ಒಂದು ಹೆಸರು ಹೇಳಿಬಿಟ್ಟಿದೆ. ಐಫೋನನ್ನು ‘ಗೊತ್ತಾಗದು’ ಎಂದರೆ ಗ್ರಾಹಕರಿಗೆ ಒಂದು ಪ್ರಶ್ನೆ ಹೆಚ್ಚಾಗುತ್ತದೆ ಅಷ್ಟೆ. ಸುಳಿವಿಲ್ಲದೆ ಆಂಡ್ರಾಯ್ಡ್ ಎಂದರೆ ತಪ್ಪು ಹಂತಗಳೇ ಹೋಗುತ್ತವೆ. ಅದಕ್ಕೇ ಎರಡನ್ನೂ ಒಂದೇ ‘ತಪ್ಪು’ ಎಂದು ಎಣಿಸದೆ ಬೇರೆ ಬೇರೆ ಬರೆದಿಡುವುದು ಒಳ್ಳೆಯದು.

ಸಣ್ಣ ಮಾದರಿಯ ಅಂಕಿಗೆ ಆಚೀಚೆ ಸಡಿಲವಿರುತ್ತದೆ. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರದಂತೆ, ಲಾಟರಿಯಲ್ಲಿ ಎತ್ತಿದ ನೂರಕ್ಕೆ 84 ಸರಿ ಬಂದರೆ ನಿಜವಾದ ಪ್ರಮಾಣ ಶೇ. 76ರಿಂದ 90ರ ನಡುವೆ ಎಲ್ಲಾದರೂ ಇರಬಹುದು. ಈ ಹರವನ್ನು ಅರ್ಧಕ್ಕಿಳಿಸಲು ಸುಮಾರು ನಾಲ್ಕು ಪಟ್ಟು ಸಂಭಾಷಣೆ ಬೇಕು. 20ರ ಗುಂಪಿನಲ್ಲಂತೂ 16 ಮತ್ತು 17ರ ನಡುವೆ ಹೆಚ್ಚುಕಡಿಮೆ ಹೇಳಲು ಬರುವುದೇ ಇಲ್ಲ. ಹಳೆಯ ಯಂತ್ರಕ್ಕಿಂತ ಹೊಸದು ಮೇಲೋ ಎಂಬ ಪ್ರಶ್ನೆಗೆ ಮಾತ್ರ ಸಣ್ಣ ಸಂಗ್ರಹವೂ ಚೆನ್ನಾಗಿ ಉತ್ತರಿಸುತ್ತದೆ. ಎರಡನ್ನೂ ಅದೇ ನೂರರ ಮೇಲೆ ಓಡಿಸಿ, ಇಬ್ಬರ ಉತ್ತರ ಬೇರೆಯಾದ ಸಂಭಾಷಣೆಗಳನ್ನಷ್ಟೇ ನೋಡಬೇಕು. ಹೊಸದು ಹದಿನಾಲ್ಕನ್ನು ಸರಿಪಡಿಸಿ ಎರಡನ್ನು ಕೆಡಿಸಿದ್ದರೆ ಸುಧಾರಣೆ ನಿಜ. ಒಂಬತ್ತು ಸರಿಪಡಿಸಿ ಏಳು ಕೆಡಿಸಿದ್ದರೆ ಏನೂ ಹೇಳಲಾಗದು. ಆದರೆ ಆ ನೂರರ ತಪ್ಪುಗಳನ್ನು ನೋಡಿ ನೋಡಿಯೇ ಹೊಸ ಯಂತ್ರವನ್ನು ತಿದ್ದಿದ್ದರೆ ಈ ಹೋಲಿಕೆಗೂ ಬೆಲೆಯಿಲ್ಲ. ತಿದ್ದುವುದಕ್ಕೆ ಬೇರೆ ನೂರು ಗುರುತು ಹಾಕಿಸಿಕೊಂಡು, ಅಳೆಯುವ ನೂರನ್ನು ತಿದ್ದುವವರ ಕಣ್ಣಿಗೆ ಬೀಳದಂತೆ ಇಡಬೇಕಾಗುತ್ತದೆ.