ಇಸ್ಕೂಲಿನ ಇಕಾರ

ಇಂಗ್ಲಿಷಿನ ‘ಸ್ಕೂಲ್’ ಎಂಬ ಶಬ್ದವು ನಮ್ಮ ದೇಶದಲ್ಲಿ ಹಲವು ರೂಪಗಳಲ್ಲಿ ಕೇಳಿಬರುತ್ತದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಅದನ್ನು ‘ಇಸ್ಕೂಲು’ ಎನ್ನುವವರುಂಟು. ಹಿಂದಿಯನ್ನಾಡುವವರಲ್ಲಿ ಅನೇಕರು ‘ಇಸ್ಕೂಲ್’ ಎನ್ನುತ್ತಾರೆ. ಪಂಜಾಬಿನವರ ಬಾಯಲ್ಲಿ ಅದು ‘ಸಕೂಲ್’ ಆಗುತ್ತದೆ. ‘ಸ್ಟ್ರೀಟ್’ ಎಂಬ ಶಬ್ದಕ್ಕೂ ಇದೇ ಗತಿ. ಇಂಗ್ಲಿಷರ ಉಚ್ಚಾರದಲ್ಲಿ ಇಲ್ಲದ ಒಂದು ಸ್ವರವು ಈ ಶಬ್ದಗಳ ಮುಂದೆಯೋ ನಡುವೆಯೋ ಬಂದು ಸೇರಿಕೊಳ್ಳುತ್ತದೆ. ತರಗತಿಯಲ್ಲಿ ಎದ್ದುನಿಂತು ಓದುವ ವಿದ್ಯಾರ್ಥಿಯ ಬಾಯಿಂದ ಈ ಸ್ವರ ಹೊರಬಿದ್ದರೆ ಉಳಿದವರು ನಗುತ್ತಾರೆ. ಆ ನಗೆಗೆ ಗುರಿಯಾದವನು ಮರುದಿನ ಬಾಯಿ ತೆರೆಯಲು ಹಿಂಜರಿಯುತ್ತಾನೆ. ನಾಲಗೆ ಹೊರಳದವನೆಂಬ ಹೆಸರು ಅವನಿಗೆ ಅಂಟಿಕೊಳ್ಳುತ್ತದೆ. ಈ ಹೆಚ್ಚಿನ ಸ್ವರವು ಅಜ್ಞಾನದಿಂದ ಬಂದುದೋ, ಸೋಮಾರಿತನದಿಂದ ಬಂದುದೋ, ಅಥವಾ ಅದರ ಹಿಂದೆ ಒಂದು ನಿಯಮವಿದೆಯೋ ಎಂಬುದನ್ನು ನಗುವ ಮೊದಲು ವಿಚಾರಿಸಿ ನೋಡುವುದು ನ್ಯಾಯ.

‘ಇಸ್ಕೂಲು’ ಎನ್ನುವವನ ನಾಲಗೆಗೆ ಸಕಾರ ಕಕಾರಗಳನ್ನು ಕೂಡಿಸಿ ನುಡಿಯುವ ಶಕ್ತಿಯಿಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಅದೇ ಮನುಷ್ಯನು ಎದುರಿಗೆ ಬಂದವರಿಗೆ ಕೈಮುಗಿದು ‘ನಮಸ್ಕಾರ’ ಎನ್ನುತ್ತಾನೆ. ‘ಸ್ಕೂಲ್’ ಶಬ್ದದ ಮೊದಲಲ್ಲಿರುವ ಸಕಾರ ಕಕಾರಗಳ ಜೋಡಿಯೇ ‘ನಮಸ್ಕಾರ’ದ ನಡುವೆಯೂ ಇದೆ. ‘ಸ್ಟ್ರೀಟ್’ ಶಬ್ದದ ಮೂರು ವ್ಯಂಜನಗಳು ಕಷ್ಟವೆನ್ನೋಣವೆಂದರೆ ವಸ್ತ್ರ, ಶಾಸ್ತ್ರ ಎಂಬ ಶಬ್ದಗಳನ್ನು ಅವನು ಸಲೀಸಾಗಿ ಆಡುತ್ತಾನೆ. ಅಲ್ಲಿ ಟಕಾರಕ್ಕೆ ಬದಲಾಗಿ ತಕಾರವಿದೆ ಎಂಬುದಷ್ಟೇ ಭೇದ. ಆದುದರಿಂದ ತೊಡಕಿರುವುದು ವ್ಯಂಜನಗಳ ಕೂಟದಲ್ಲಲ್ಲ. ಆ ಕೂಟವು ಶಬ್ದದ ಯಾವ ಸ್ಥಾನದಲ್ಲಿದೆ ಎಂಬುದರಲ್ಲಿ.

ಛಂದಸ್ಸಿನ ಮೊದಲ ಪಾಠವನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಒತ್ತಕ್ಷರದ ಹಿಂದಿರುವ ಹ್ರಸ್ವಾಕ್ಷರವು ಗುರುವಾಗುತ್ತದೆ ಎಂಬುದು ನಿಯಮ. ‘ನಮಸ್ಕಾರ’ದಲ್ಲಿ ಮಕಾರವು ಹ್ರಸ್ವವಾದರೂ ಅದನ್ನು ಗುರುವೆಂದೇ ಎಣಿಸುತ್ತೇವೆ. ಏಕೆಂದರೆ ನುಡಿಯುವಾಗ ಒತ್ತಕ್ಷರದ ಮೊದಲ ವ್ಯಂಜನವು ಹಿಂದಿನ ಅಕ್ಷರಕ್ಕೆ ಒರಗಿಕೊಳ್ಳುತ್ತದೆ. ಬರೆವಣಿಗೆಯಲ್ಲಿ ‘ನ-ಮ-ಸ್ಕಾ-ರ’ ಎಂದಿದ್ದರೂ ಉಚ್ಚಾರದಲ್ಲಿ ಅದು ‘ನ-ಮಸ್-ಕಾ-ರ’. ಸಕಾರದ ಭಾರವನ್ನು ಮಕಾರ ಹೊರುತ್ತದೆ. ‘ಸ್ಕೂಲ್’ ಶಬ್ದದಲ್ಲಾದರೋ ಸಕಾರದ ಹಿಂದೆ ಯಾವ ಅಕ್ಷರವೂ ಇಲ್ಲ. ಒರಗಲು ಆಸರೆಯಿಲ್ಲದ ಸಕಾರಕ್ಕೆ ನಾಲಗೆಯು ತಾನಾಗಿ ಒಂದು ಆಸರೆಯನ್ನು ಒದಗಿಸುತ್ತದೆ. ಆ ಆಸರೆಯೇ ಇಕಾರ. ‘ಇಸ್-ಕೂಲ್’ ಎಂದಾಗ ಸಕಾರವು ಇಕಾರಕ್ಕೆ ಒರಗಿ, ಕಕಾರವು ಹೊಸ ಉಚ್ಚಾರಾಂಶವನ್ನು ಆರಂಭಿಸುತ್ತದೆ. ‘ನಮಸ್ಕಾರ’ದಲ್ಲಿ ಮಕಾರ ಮಾಡಿದ ಕೆಲಸವನ್ನೇ ಇಲ್ಲಿ ಇಕಾರ ಮಾಡುತ್ತದೆ.

ಶಬ್ದದ ಆದಿಯಲ್ಲಿ ವ್ಯಂಜನಗಳು ಒಟ್ಟುಗೂಡುವುದು ಅಚ್ಚಗನ್ನಡದ ಸ್ವಭಾವವಲ್ಲ. ಮನೆ, ಮರ, ನೀರು, ಬಂಡಿ, ಹೊಲ ಮುಂತಾದ ದೇಸಿಯ ಶಬ್ದಗಳಲ್ಲಿ ಮೊದಲಿಗೆ ಒಂದೇ ವ್ಯಂಜನವಿರುತ್ತದೆ. ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ ಆದಿಯ ಒತ್ತಕ್ಷರಗಳನ್ನು ಕಂಡಾಗ ಹಿಂದಿನ ಕನ್ನಡಿಗರು ಅವುಗಳಲ್ಲಿ ಅನೇಕವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ‘ಶ್ರೀ’ ಎಂಬುದರ ನಡುವೆ ಇಕಾರವನ್ನಿಟ್ಟು ‘ಸಿರಿ’ ಎಂದರು. ‘ಸ್ನೇಹ’ದ ಸಕಾರವನ್ನು ಬಿಟ್ಟು ‘ನೇಹ’ ಎಂದರು. ‘ಸ್ಥಾನ’ವನ್ನು ‘ತಾಣ’ ಎಂದರು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂತಹ ತದ್ಭವಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟನು. ಸ್ವರವನ್ನು ಮುಂದೆ ಇಡುವ ಉಪಾಯವೂ ಹೊಸದಲ್ಲ. ಸಂಸ್ಕೃತದ ‘ಸ್ತ್ರೀ’ ಪಾಳಿ ಭಾಷೆಯಲ್ಲಿ ‘ಇತ್ಥೀ’ ಆಗಿದೆ. ಸಿರಿ, ನೇಹ, ತಾಣ ಎಂಬ ಶಬ್ದಗಳನ್ನು ಕಾವ್ಯದಲ್ಲಿ ಕಂಡು ಮೆಚ್ಚುವವರು ‘ಇಸ್ಕೂಲು’ ಎಂಬುದನ್ನೂ, ಸಕಾರವನ್ನು ಕಳೆದುಕೊಂಡ ‘ಟೇಸನ್ನು’ ಎಂಬುದನ್ನೂ ಕೇಳಿ ನಗುವುದು ವಿಚಿತ್ರ. ಇವೂ ಅದೇ ಹಾದಿಯಲ್ಲಿ ಹುಟ್ಟಿದ ಶಬ್ದಗಳು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ‘ಸ್ಕೂಲ್’ ಎಂಬುದಕ್ಕೆ ಸ್ವರವನ್ನು ಮುಂದೆ ಇಡುವ ಜನರೇ ‘ಗ್ಲಾಸ್’ ಎಂಬುದಕ್ಕೆ ಅದನ್ನು ನಡುವೆ ಇಟ್ಟು ‘ಗಿಲಾಸು’ ಎನ್ನುತ್ತಾರೆ. ‘ಇಗ್ಲಾಸು’ ಎಂದು ಯಾರೂ ಹೇಳರು. ‘ಪ್ಲೇಟ್’ ಎಂಬುದು ‘ಪಲೇಟು’ ಆದೀತೇ ಹೊರತು ‘ಇಪ್ಲೇಟು’ ಆಗದು. ಯಾರೂ ಕಲಿಸದೆ ಇಷ್ಟು ಜನ ಒಂದೇ ಬಗೆಯಾಗಿ ಮಾಡುವ ಕ್ರಿಯೆಯು ಅಡ್ಡಾದಿಡ್ಡಿಯಾದುದಲ್ಲ. ಇದರ ಕಾರಣವು ಧ್ವನಿಗಳ ಗುಣದಲ್ಲಿದೆ. ಲಕಾರ ರಕಾರಗಳು ವ್ಯಂಜನಗಳಾದರೂ ಸ್ವರಗಳಿಗೆ ಸಮೀಪದವು. ಅವುಗಳನ್ನು ನುಡಿಯುವಾಗ ಕಂಠದಲ್ಲಿ ನಾದವಿರುತ್ತದೆ, ಬಾಯಿ ಪೂರ್ತಿಯಾಗಿ ಮುಚ್ಚಿರುವುದಿಲ್ಲ. ‘ಗ್ಲಾಸ್’ ಎನ್ನುವಾಗ ಗಕಾರದಿಂದ ಲಕಾರಕ್ಕೆ ಸಾಗುವ ಕ್ಷಣದಲ್ಲಿ ಸ್ವರದ ನೆರಳಿನಂತಹ ಧ್ವನಿಯೊಂದು ಸಹಜವಾಗಿಯೇ ಸುಳಿಯುತ್ತದೆ. ಆ ನೆರಳನ್ನು ಕೊಂಚ ಬೆಳೆಸಿ ಸ್ವರವನ್ನಾಗಿ ಮಾಡಿದರೆ ಶಬ್ದವು ಹೆಚ್ಚು ಬದಲಾದಂತೆ ಕಿವಿಗೆ ತೋರುವುದಿಲ್ಲ. ‘ಸ್ಕೂಲ್’ ಶಬ್ದದಲ್ಲಿ ಹಾಗಲ್ಲ. ಸಕಾರದ ಸುಯ್ಯೆನ್ನುವ ಸದ್ದು ಮುಗಿದೊಡನೆ ಕಕಾರಕ್ಕಾಗಿ ಉಸಿರಿನ ದಾರಿ ಪೂರ್ತಿಯಾಗಿ ಮುಚ್ಚುತ್ತದೆ. ಸದ್ದಿನಿಂದ ನೇರವಾಗಿ ಮೌನ. ಅವೆರಡರ ನಡುವೆ ಸ್ವರದ ನೆರಳೂ ಇಲ್ಲ. ಅಲ್ಲಿ ಸ್ವರವನ್ನು ತುರುಕಿದರೆ ಕಿವಿಗೆ ಒಡನೆ ತಿಳಿಯುತ್ತದೆ. ಆದುದರಿಂದ ಜೋಡಿಯನ್ನು ಒಡೆಯದೆ ಸ್ವರವನ್ನು ಹೊರಗೆ, ಮುಂದುಗಡೆ ನಿಲ್ಲಿಸುವುದೇ ಬಹುಮಂದಿಯ ಒಲವು.

ಬಹುಮಂದಿಯ ಒಲವು ಎಂದರೆ ಎಲ್ಲರ ಒಲವು ಎಂದಲ್ಲ. ಪಂಜಾಬಿನ ‘ಸಕೂಲ್’ ರೂಪದಲ್ಲಿ ಸ್ವರವು ನಡುವೆಯೇ ನಿಂತಿದೆ. ಜಪಾನೀಯರಿಗಂತೂ ಬೇರೆ ದಾರಿಯೇ ಇಲ್ಲ. ಅವರ ಭಾಷೆಯಲ್ಲಿ ಉಚ್ಚಾರಾಂಶವು ಸಕಾರದಲ್ಲಿ ಕೊನೆಗೊಳ್ಳುವಂತಿಲ್ಲ. ‘ಇಸ್’ ಎಂಬ ಆಸರೆಯೇ ಅಲ್ಲಿ ಸಲ್ಲದು. ಆದುದರಿಂದ ಮುಂದೆ ಇಕಾರವನ್ನಿಟ್ಟು ಫಲವಿಲ್ಲ. ಅವರು ಪ್ರತಿಯೊಂದು ವ್ಯಂಜನಕ್ಕೂ ಒಂದೊಂದು ಸ್ವರವನ್ನು ಕೊಡುತ್ತಾರೆ. ‘ಸ್ಟ್ರೀಟ್’ ಎಂಬ ಒಂದೇ ಉಚ್ಚಾರಾಂಶದ ಶಬ್ದವು ಜಪಾನಿನಲ್ಲಿ ‘ಸುತೊರೀತೊ’ ಎಂದಾಗುತ್ತದೆ: ಸಕಾರಕ್ಕೆ ಉಕಾರ, ಮುಂದಿನ ವ್ಯಂಜನಕ್ಕೆ ಒಕಾರ, ಕೊನೆಯ ವ್ಯಂಜನಕ್ಕೆ ಮತ್ತೊಂದು ಒಕಾರ. ಹೀಗೆ ಸ್ವರವು ಎಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದನ್ನು ಕಲಿಯುವವನ ಮಾತೃಭಾಷೆಯು ನಿರ್ಧರಿಸುತ್ತದೆ.

ಯುರೋಪಿನಲ್ಲಿಯೂ ಇದೇ ಸ್ವರವು ಭಾಷೆಗಳ ಚರಿತ್ರೆಯನ್ನು ತಿದ್ದಿದೆ. ಗ್ರೀಕ್ ಭಾಷೆಯ ‘ಸ್ಖೊಲೇ’ ಎಂಬ ಶಬ್ದಕ್ಕೆ ಮೊದಲು ಬಿಡುವು ಎಂದು ಅರ್ಥವಿತ್ತು. ಬಿಡುವಿನ ವೇಳೆಯಲ್ಲಿ ನಡೆಸುವ ವಿದ್ಯಾವಿಚಾರಕ್ಕೂ ಅದು ಸಂದು, ಲ್ಯಾಟಿನ್ನಿನಲ್ಲಿ ‘ಸ್ಕೊಲಾ’ ಎಂದಾಗಿ, ಕೊನೆಗೆ ಪಾಠಶಾಲೆಯ ಹೆಸರಾಯಿತು. ಕ್ರಿಸ್ತಶಕ 2ನೆಯ ಶತಮಾನದಿಂದೀಚೆಗಿನ ಲ್ಯಾಟಿನ್ ಶಾಸನಗಳಲ್ಲಿ ಇಂತಹ ಸಕಾರದ ಮುಂದೆ ಇಕಾರವನ್ನು ಸೇರಿಸಿ ಬರೆದ ರೂಪಗಳು ದೊರೆಯುತ್ತವೆ. ಜನಸಾಮಾನ್ಯರ ಆ ಉಚ್ಚಾರವೇ ಮುಂದೆ ಗೆದ್ದಿತು. ಸ್ಪೇನಿನವರು ಇಂದು ಶಾಲೆಯನ್ನು ‘ಎಸ್ಕ್ವೇಲಾ’ ಎನ್ನುತ್ತಾರೆ. ಫ್ರಾನ್ಸಿನಲ್ಲಿ ಅದು ‘ಎಸ್ಕೋಲ್’ ಎಂದಾಗಿ, ಅನಂತರ ಸಕಾರವೇ ಬಿದ್ದುಹೋಗಿ ‘ಎಕೋಲ್’ ಎಂದು ಉಳಿದಿದೆ. ಸಕಾರಕ್ಕೆ ಆಸರೆಯಾಗಿ ಬಂದ ಎಕಾರ ಉಳಿದು, ಆಸರೆ ಪಡೆದ ಸಕಾರವೇ ಮರೆಯಾದುದು ಸೋಜಿಗವಲ್ಲವೇ?

ಈ ಸ್ವರವು ಇಂಗ್ಲಿಷ್ ಭಾಷೆಯ ಒಳಗೂ ಸೇರಿದೆ. ಲ್ಯಾಟಿನ್ನಿನ ‘ಸ್ಟಾಟುಸ್’ ಎಂಬ ಒಂದೇ ಶಬ್ದದಿಂದ ಇಂಗ್ಲಿಷಿನ ‘ಸ್ಟೇಟ್’, ‘ಎಸ್ಟೇಟ್’ ಎಂಬ ಎರಡು ಶಬ್ದಗಳು ಬಂದಿವೆ. ಎರಡನೆಯದು ಫ್ರೆಂಚರ ಮೂಲಕ ಬಂದುದರಿಂದ ಎಕಾರವನ್ನು ಹೊತ್ತು ತಂದಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟವನ್ನು ‘ಎಸ್ಟೇಟು’ ಎಂದು ಕರೆಯುವಾಗ, ಹಿಂದೊಮ್ಮೆ ಯಾರೋ ತಮ್ಮ ನಾಲಗೆಯ ಅನುಕೂಲಕ್ಕಾಗಿ ಸೇರಿಸಿದ ಸ್ವರವನ್ನೇ ನಾವು ಉಚ್ಚರಿಸುತ್ತೇವೆ. ಇಂಗ್ಲಿಷರ ನಾಲಗೆಯೂ ಎಲ್ಲ ಕೂಟಗಳಿಗೂ ಒಗ್ಗಿದುದಲ್ಲ. ಮೊಣಕಾಲನ್ನು ಹೇಳುವ ಅವರ ಶಬ್ದದ ಮೊದಲಲ್ಲಿ ಹಿಂದೆ ಕಕಾರ ನಕಾರಗಳೆರಡೂ ಕೇಳುತ್ತಿದ್ದವು. ಈಗ ಕಕಾರವು ಕಾಗುಣಿತದಲ್ಲಿ ಮಾತ್ರ ಉಳಿದು, ಉಚ್ಚಾರವು ‘ನೀ’ ಎಂದಾಗಿದೆ. ‘ಸ್ನೇಹ’ವನ್ನು ‘ನೇಹ’ ಮಾಡಿದ ಉಪಾಯವೇ ಇದು.

ಹಾಗಾದರೆ ಇಂಗ್ಲಿಷ್ ಕಲಿಯುವವರು ಈ ಸ್ವರವನ್ನು ಹಾಗೆಯೇ ಬಿಡಬಹುದೇ? ತಾಯ್ನುಡಿಯಲ್ಲಿ ಬೆರೆತುಹೋದ ‘ಇಸ್ಕೂಲು’ ಕನ್ನಡದ ಮಾತಾಗಿ ದೋಷವಲ್ಲ. ಇಂಗ್ಲಿಷನ್ನೇ ಆಡುವಾಗಲಾದರೋ ಕೆಲವೆಡೆ ಅರ್ಥವೇ ಬದಲಾಗುತ್ತದೆ. ‘ಸ್ಟೇಟ್’ ಎಂದರೆ ರಾಜ್ಯ, ‘ಎಸ್ಟೇಟ್’ ಎಂದರೆ ತೋಟ ಅಥವಾ ಆಸ್ತಿ. ‘ಸ್ಪೋರ್ಟ್’ ಎಂದರೆ ಆಟ. ನಡುವೆ ಸ್ವರ ಸೇರಿ ‘ಸಪೋರ್ಟ್’ ಆದರೆ ಬೆಂಬಲ. ‘ಬ್ಲೋ’ ಎಂದರೆ ಊದು. ‘ಬಿಲೋ’ ಎಂದರೆ ಕೆಳಗೆ. ಇಂತಹ ಕಡೆ ಕೇಳುವವನು ತಪ್ಪು ತಿಳಿಯಬಹುದು.

ತನ್ನ ಉಚ್ಚಾರದಲ್ಲಿ ಇಕಾರವಿದೆಯೇ ಎಂದು ತಿಳಿಯುವುದು ಸುಲಭ. ಗಂಟಲಿನ ಮೇಲೆ ಎರಡು ಬೆರಳನ್ನಿಟ್ಟು ‘ಸ್ಕೂಲ್’ ಎನ್ನಬೇಕು. ಸಕಾರಕ್ಕೆ ಕಂಠದ ನಾದವಿಲ್ಲ, ಸ್ವರಕ್ಕೆ ಉಂಟು. ಸುಯ್ಯೆನ್ನುವ ಸದ್ದಿಗಿಂತ ಮೊದಲೇ ಬೆರಳಿಗೆ ಕಂಪನ ತಗುಲಿದರೆ ಇಕಾರ ನುಸುಳಿದೆ ಎಂದು ಅರ್ಥ. ತಿದ್ದಿಕೊಳ್ಳುವ ದಾರಿಯೂ ಈಗಾಗಲೇ ಹೇಳಿದ ತತ್ತ್ವದಲ್ಲಿಯೇ ಇದೆ. ಸಕಾರಕ್ಕೆ ಬೇಕಾದುದು ಆಸರೆ; ಅದನ್ನು ಹಿಂದಿನ ಶಬ್ದವೇ ಕೊಡಬಲ್ಲದು. ಸ್ವರದಿಂದ ಮುಗಿಯುವ ‘ಮೈ’ ಎಂಬ ಇಂಗ್ಲಿಷ್ ಶಬ್ದವನ್ನು ಮುಂದಿಟ್ಟು ‘ಮೈ ಸ್ಕೂಲ್’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಸಕಾರವು ಆ ಸ್ವರಕ್ಕೆ ಒರಗುತ್ತದೆ, ಇಕಾರದ ಅಗತ್ಯ ಬೀಳುವುದಿಲ್ಲ. ಇದು ರೂಢಿಯಾದ ಮೇಲೆ ‘ಮೈ’ ಎಂಬುದನ್ನು ಮೆಲ್ಲನೆ ಹೇಳಿ, ಕೊನೆಗೆ ಮನಸ್ಸಿನಲ್ಲಿ ಮಾತ್ರ ನೆನೆದು, ಸಕಾರದ ಸದ್ದನ್ನು ತುಸು ಉದ್ದವಾಗಿ ಎಳೆದು ಕಕಾರಕ್ಕೆ ಬರಬೇಕು. ‘ಸ್ಟ್ರೀಟ್’ ಶಬ್ದವನ್ನು ಅಭ್ಯಾಸ ಮಾಡುವಾಗ ಮೊದಲು ‘ಟ್ರೀಟ್’ ಎಂಬುದನ್ನು ಸ್ಪಷ್ಟವಾಗಿ ನುಡಿದು, ಅನಂತರ ಅದರ ಮುಂದೆ ಸಕಾರವನ್ನು ಜೋಡಿಸುವುದು ಒಳ್ಳೆಯದು.

‘ನಮಸ್ಕಾರ’ ಎನ್ನಬಲ್ಲ ನಾಲಗೆಗೆ ‘ಸ್ಕೂಲ್’ ಅಸಾಧ್ಯವಲ್ಲ. ಅದಕ್ಕೆ ಬೇಕಾದುದು ಕೆಲವು ದಿನಗಳ ಅಭ್ಯಾಸ, ನೆರೆಯವರ ನಗೆಯಲ್ಲ.